ಗುಡ್ಡ ಕಡಿದದ್ದಕ್ಕೆ ಬಿಲ್ಲು, ಗೋಡೆ ಕಟ್ಟದ್ದಕ್ಕೆ ಯಾರು ಹೊಣೆ?



ಹಾಸನದಿಂದ ಬಸ್ಸು ಹತ್ತಿ ಬಾಳ್ಳುಪೇಟೆ, ಸಕಲೇಶಪುರ ದಾಟಿ ದೋಣಿಗಾಲ್, ದೊಡ್ಡತಪ್ಪಲೆ ಕಡೆ ಹೋಗುವಾಗ ಒಂದು ಸಲ ಕಿಟಕಿಯಾಚೆ ನೋಡಿ. ಕೆಂಪು ಮಣ್ಣಿನ ಗುಡ್ಡ ಗೋಡೆ ಥರ ನೆಟ್ಟಗೆ ನಿಂತಿದೆ. ಅದು ಹುಟ್ಟಿದಾಗ ಹಾಗಿರಲಿಲ್ಲ. ಅದನ್ನ ಕಡಿದವರಿದ್ದಾರೆ. ಕಡಿಯಿರಿ ಅಂತ ಬರೆದುಕೊಟ್ಟ ಕಾಗದವೂ ಇದೆ. 2022ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ರಸ್ತೆ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡವೇ ಜಾರಿ ಬಂದು ವಾಹನಗಳು ಮಣ್ಣಲ್ಲಿ ಸಿಕ್ಕಿಕೊಂಡವು. ಎಲ್ಲರೂ ಮಳೆಯನ್ನ ಬೈದರು. ನಾನು ಆ ಕಾಗದವನ್ನ ಬೈಯುತ್ತೇನೆ.

ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ ವರ್ಕ್ ಆರ್ಡರ್ ಅಂತಾರೆ. ಹೆದ್ದಾರಿಯಂಥ ದೊಡ್ಡ ಕೆಲಸದಲ್ಲಿ ಅದು ಒಂದು ಹಾಳೆಯಲ್ಲ, ಒಂದು ಕಟ್ಟು. ಟೆಂಡರ್ ಗೆದ್ದವನಿಗೆ ಒಪ್ಪಿಗೆ ಪತ್ರ, ಆಮೇಲೆ ಕರಾರು, ಆಮೇಲೆ ಕೆಲಸ ಶುರುವಾಗುವ ಗೊತ್ತಾದ ದಿನ. ಆ ದಿನದಿಂದ ಗಡಿಯಾರ ಓಡುತ್ತೆ. ಕಟ್ಟಿನೊಳಗೆ ನಾಲ್ಕು ಮಾತಿರುತ್ತೆ: ಏನು ಮಾಡಬೇಕು, ಯಾವಾಗ ಮುಗಿಸಬೇಕು, ತಡವಾದರೆ ಏನು ದಂಡ, ದುಡ್ಡು ಯಾವ ಹಂತಕ್ಕೆ ಎಷ್ಟು. ಊರು ಉಳಿಯುವುದೂ ಜಾರುವುದೂ ಈ ನಾಲ್ಕು ಮಾತಿನಲ್ಲಿ.

ನಮ್ಮ ರಸ್ತೆಯನ್ನೇ ತಗೊಳ್ಳಿ. ಹಾಸನದಿಂದ ಮಾರನಹಳ್ಳಿವರೆಗೆ ಸುಮಾರು 45 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 75. ನಾಲ್ಕು ಪಥ ಮಾಡುವ ಗುತ್ತಿಗೆ ಸ್ಪೇನ್ ಮೂಲದ ಐಸೊಲಕ್ಸ್ ಕೊರ್ಸಾನ್ ಕಂಪನಿಗೆ ಸಿಕ್ಕಿತು. 2017ರಲ್ಲಿ ಆ ಕಂಪನಿ ತನ್ನ ದೇಶದಲ್ಲೇ ದಿವಾಳಿಗೆ ಬಂತು. ಕೆಲಸ ಉಪಗುತ್ತಿಗೆಯವರ ಕೈಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ದೊಡ್ಡತಪ್ಪಲೆಗೆ ಬಂದು ನೋಡಿ, ಗುಡ್ಡವನ್ನ ತೊಂಬತ್ತು ಡಿಗ್ರಿಗೆ ಕಡಿದಿದ್ದಾರೆ, ಇದು ಅವೈಜ್ಞಾನಿಕ ಅಂದರು. ಆಗಲೂ ರಸ್ತೆ ಪೂರ್ತಿ ಮುಗಿದಿರಲಿಲ್ಲ. ಹಾಗಾದರೆ ದಂಡ ಅಂತ ಬರೆದದ್ದು ಏನಾಯಿತು?

ಇಂಥ ಹೆದ್ದಾರಿಗೆ ಬಳಸುವ ಗುತ್ತಿಗೆಗೆ ಇಪಿಸಿ ಅಂತ ಹೆಸರು. ನಕ್ಷೆ, ಸಾಮಾನು, ಕಟ್ಟುವುದು ಮೂರೂ ಒಬ್ಬನದೇ. ಸರ್ಕಾರದ ಮಾದರಿ ಕರಾರಿನ ಲೆಕ್ಕ ನೋಡೋಣ. ಸುಲಭವಾಗಲಿ ಅಂತ ನೂರು ಕೋಟಿಯ ಕೆಲಸ, 730 ದಿನದ ಗಡುವು ಅಂತ ಹಿಡಿಯಿರಿ. ಕಾಲದಲ್ಲಿ ನೂರಕ್ಕೆ 35 ಪಾಲು, ಅಂದರೆ ಸುಮಾರು 255 ದಿನ ಕಳೆಯುವಾಗ ಹತ್ತು ಕೋಟಿಯ ಕೆಲಸ ಆಗಿರಬೇಕು. 438ನೇ ದಿನಕ್ಕೆ ಮೂವತ್ತೈದು ಕೋಟಿ, 620ನೇ ದಿನಕ್ಕೆ ಎಪ್ಪತ್ತು ಕೋಟಿ. 730ಕ್ಕೆ ಪೂರ್ತಿ. ಇವು ಮೈಲಿಗಲ್ಲು.

ತಪ್ಪಿದರೆ? ದಿನಕ್ಕೆ ಗುತ್ತಿಗೆ ಮೊತ್ತದ ನೂರಕ್ಕೆ 0.05, ಅಂದರೆ ನಮ್ಮ ಲೆಕ್ಕದಲ್ಲಿ ದಿನಕ್ಕೆ ಐದು ಲಕ್ಷ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಕೆಳಗಿನ ಸಾಲು ಓದಿ. ಎಲ್ಲ ಸೇರಿ ದಂಡ ನೂರಕ್ಕೆ ಹತ್ತು ದಾಟುವ ಹಾಗಿಲ್ಲ. ಅಂದರೆ ಹತ್ತು ಕೋಟಿ. ದಿನಕ್ಕೆ ಐದು ಲಕ್ಷದಂತೆ ಅದು 200 ದಿನಕ್ಕೆ ತೀರಿಹೋಗುತ್ತೆ. 201ನೇ ದಿನದಿಂದ ಗುತ್ತಿಗೆದಾರ ಎಷ್ಟು ತಡ ಮಾಡಿದರೂ ಹೊಸ ದಂಡ ಒಂದು ಕಾಸಿಲ್ಲ. ಆಮೇಲೆ ಉಳಿಯುವುದು ಕರಾರು ರದ್ದು ಮಾಡುವ ಮಾತು. ರದ್ದು ಮಾಡಿದರೆ ಮತ್ತೆ ಟೆಂಡರ್, ಮತ್ತೆ ಕೋರ್ಟು. ಅದಕ್ಕೇ ಯಾವ ಅಧಿಕಾರಿಯೂ ಬೇಗ ಕೈ ಹಾಕುವುದಿಲ್ಲ.

ಆ ಇನ್ನೂರು ದಿನಕ್ಕೂ ಒಂದು ಕಳ್ಳದಾರಿ ಇದೆ. ಅದಕ್ಕೆ ಕಾಲಾವಧಿ ವಿಸ್ತರಣೆ ಅಂತಾರೆ. ಜಾಗ ಬಿಡಿಸಿಕೊಡಲಿಲ್ಲ, ಮರ ಕಡಿಯಲು ಅಪ್ಪಣೆ ಸಿಗಲಿಲ್ಲ ಅಂತ ಗುತ್ತಿಗೆದಾರ ಅರ್ಜಿ ಹಾಕುತ್ತಾನೆ. ಕೆಲವು ಸಲ ಅದು ನಿಜವೇ. ಜಾಗ ಕೊಡಬೇಕಾದದ್ದು ಪ್ರಾಧಿಕಾರ, ಕೊಡದೆ ಇದ್ದರೆ ತಪ್ಪು ಅವರದೇ. ಆದರೆ ಅರ್ಜಿ ಒಪ್ಪಿದ ಕೂಡಲೇ ಗಡುವು ಮುಂದಕ್ಕೆ ಸರಿಯುತ್ತೆ, ಆ ದಿನಗಳ ದಂಡ ಮಾಯ.

ದಂಡಕ್ಕಿಂತ ದೊಡ್ಡ ಮೋಸ ಬಿಲ್ಲಿನಲ್ಲಿ. ಕರಾರಿನ ಒಂದು ಅನುಬಂಧದಲ್ಲಿ ಇಡೀ ಮೊತ್ತವನ್ನ ತುಂಡು ಮಾಡಿರುತ್ತಾರೆ. ರಸ್ತೆಯ ಕೆಲಸಕ್ಕೆ ಇಷ್ಟು, ಸೇತುವೆಗೆ ಇಷ್ಟು, ಚರಂಡಿಗೆ, ತಡೆಗೋಡೆಗೆ ಇಷ್ಟು ಅಂತ. ಯಾವ ತುಂಡು ಮುಗಿದರೆ ಆ ತುಂಡಿನ ಕಾಸು. ಗುಡ್ಡ ಕಡಿದು ಮಣ್ಣು ಹರವುವುದು ಜೆಸಿಬಿ ಕೆಲಸ, ಬೇಗ ಆಗುತ್ತೆ, ಬೇಗ ಬಿಲ್ಲಾಗುತ್ತೆ. ತಡೆಗೋಡೆ, ಗುಡ್ಡದ ನೆತ್ತಿಯ ಮೇಲಿನ ನೀರುಗಾಲುವೆ, ಇಳಿಜಾರಿಗೆ ಮೆಟ್ಟಿಲು ತೆಗೆಯುವುದು ನಿಧಾನದ ಕೆಲಸ, ಬೇರೆ ತುಂಡಿನದು. ಹೀಗಿದ್ದಾಗ ಯಾರಾದರೂ ಏನು ಮಾಡುತ್ತಾರೆ? ಹತ್ತು ಕಡೆ ಕಡಿದು ಹಾಕಿ ಬಿಲ್ಲು ಎತ್ತುತ್ತಾರೆ. ಗೋಡೆ ಆಮೇಲೆ ಅಂತಾರೆ. ಆಮೇಲೆ ಅನ್ನುವುದರೊಳಗೆ ಜೂನ್ ಬರುತ್ತೆ. ಮಲೆನಾಡಿನ ಜೂನ್ ಯಾರ ಬಿಲ್ಲಿಗೂ ಕಾಯುವುದಿಲ್ಲ.

ನೆಟ್ಟಗೆ ಕಡಿದರೆ ಗುತ್ತಿಗೆದಾರನಿಗೂ ಪ್ರಾಧಿಕಾರಕ್ಕೂ ಲಾಭ. ಇಳಿಜಾರು ಬಿಟ್ಟು ಕಡಿಯಬೇಕಾದರೆ ಗುಡ್ಡದ ಮೇಲೆ ಇನ್ನಷ್ಟು ಜಾಗ ಬೇಕು, ತೋಟದವರಿಗೆ ಪರಿಹಾರ ಕೊಡಬೇಕು, ಇನ್ನಷ್ಟು ಮಣ್ಣು ಸಾಗಿಸಬೇಕು. ಕಾಗದದಲ್ಲಿ ಜಾಗದ ಅಗಲ ಇಕ್ಕಟ್ಟಾಗಿ ಬರೆದರೆ ಗುಡ್ಡ ತಾನಾಗೇ ನೆಟ್ಟಗಾಗುತ್ತೆ.

ಇದರಲ್ಲಿ ನಮಗೇನು ಅಂತೀರಾ? ತಡವಾದ ದಿನಕ್ಕೆ ಬೆಲೆ ಕಟ್ಟಿದ ಕಾಗದ ಅದು. ಆ ದಂಡ ಹೋಗುವುದು ಪ್ರಾಧಿಕಾರದ ಖಾತೆಗೆ. ಗುಡ್ಡದ ಬುಡದ ಲೈನ್ ಮನೆಗೆ, ರಸ್ತೆ ಕಟ್ಟಾದ ವಾರದಲ್ಲಿ ಕೂಲಿ ಕಳಕೊಂಡವಳಿಗೆ, ಪರೀಕ್ಷೆ ದಿನ ಬಸ್ಸು ಬಾರದೆ ಹಾಸ್ಟೆಲಲ್ಲಿ ಕೂತ ಹುಡುಗನಿಗೆ ಅದರಲ್ಲಿ ಒಂದು ಪೈಸೆ ಇಲ್ಲ. ಅಳತೆಯೆಲ್ಲ ಅವರದು, ಮಣ್ಣು ಮಾತ್ರ ನಮ್ಮ ಮೇಲೆ!

ಅದಕ್ಕೆ ನಮ್ಮ ಬೇಡಿಕೆ ಒಂದೇ ಸಾಲು: ಕಡಿದ ಗುಡ್ಡಕ್ಕೆ ಗೋಡೆ, ಕಾಲುವೆ ಮುಗಿದ ಮೇಲೇ ಕಡಿದದ್ದಕ್ಕೆ ಕಾಸು. ಎರಡನ್ನೂ ಒಂದೇ ತುಂಡು ಮಾಡಿ. ಮೇ ತಿಂಗಳೊಳಗೆ ಗೋಡೆ ಆಗದ ಕಡೆ ಹೊಸದಾಗಿ ಕಡಿಯಕೂಡದು ಅಂತ ಮೈಲಿಗಲ್ಲಿನಲ್ಲೇ ಬರೆಯಿರಿ. ಇಂಜಿನಿಯರಿಗೆ ಇದು ಹೊಸ ವಿದ್ಯೆ ಅಲ್ಲ. ಬರೆಯುವ ಮನಸ್ಸು ಬೇಕು, ಅಷ್ಟೇ.

ಕಾಗದ ನಮಗೆ ಯಾರು ಕೊಡ್ತಾರೆ ಅನ್ನಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹೆದ್ದಾರಿ ಪ್ರಾಧಿಕಾರಕ್ಕೆ ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನದಲ್ಲಿ ಉತ್ತರ. ಸುಮ್ಮನೆ ಮಾಹಿತಿ ಕೊಡಿ ಅಂತ ಬರೆದರೆ ಸುಮ್ಮನೆ ಉತ್ತರ ಬರುತ್ತೆ. ಹೆಸರಿಟ್ಟು ಕೇಳಿ. ಕೆಲಸದ ವ್ಯಾಪ್ತಿ ಹೇಳುವ ಅನುಬಂಧ ಬಿ, ಹಣದ ಹಂತ ಹೇಳುವ ಅನುಬಂಧ ಎಚ್, ಗಡುವು ಹೇಳುವ ಅನುಬಂಧ ಜೆ, ಕಾಲಾವಧಿ ವಿಸ್ತರಿಸಿದ ಆದೇಶಗಳು, ಈವರೆಗೆ ಹಿಡಿದ ದಂಡದ ಲೆಕ್ಕ. ಕೆಲಸದ ಜಾಗಕ್ಕೇ ಹೋಗಿ ಪರಿಶೀಲಿಸುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಕಾಗದ ಕೈಗೆ ಬಂದ ಮೇಲೆ ದೊಡ್ಡತಪ್ಪಲೆಗೆ ಹೋಗಿ ಪಕ್ಕದಲ್ಲಿಟ್ಟು ನೋಡಿ. ಬಿಲ್ಲಾದ ಗೋಡೆ ನೆಲದ ಮೇಲೆ ಇದೆಯಾ? ಕಡಿದ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯಾ? ಬುಡದಲ್ಲಿ ಕೆಸರು ನೀರು ಜಿನುಗುತ್ತಿದೆಯಾ? ಬಿರುಕೂ ಜಿನುಗೂ ಕಂಡರೆ ಅಲ್ಲಿ ನಿಲ್ಲಬೇಡಿ, ಬುಡದಲ್ಲಿರುವವರನ್ನ ಎಬ್ಬಿಸಿ, ತಹಸೀಲ್ದಾರರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಓದು ಕಲಿತದ್ದು ನೌಕರಿಯ ಅರ್ಜಿ ಬರೆಯಲು ಮಾತ್ರ ಅಲ್ಲ, ಗೆಳೆಯರೇ. ಗುಡ್ಡ ಕಡಿದ ಕಾಗದವನ್ನ ಈ ಮಳೆಗಾಲದ ಮುಂಚೆ ಓದೋಣ.