ಒಂಬತ್ತನೇ ಮನೆಯಲ್ಲಿ ಅಪ್ಪ ಇದ್ದಾನೆಯೇ?

ನಮ್ಮ ಪರಿಚಯದ ಮನೆಯೊಂದರಲ್ಲಿ ಹುಡುಗನೊಬ್ಬ ಅಜ್ಜಿಯ ಊರಿನಲ್ಲಿ ಬೆಳೆಯುತ್ತಿದ್ದಾನೆ. ಅಪ್ಪ, ಅಮ್ಮ ಇಬ್ಬರೂ ಬೆಂಗಳೂರಿನಲ್ಲೇ ಇದ್ದಾರೆ. ಅವರಲ್ಲಿ ಜಗಳವಿಲ್ಲ, ಹಣಕ್ಕೆ ತೊಂದರೆಯೂ ಇಲ್ಲ. ಮಗು ಹುಟ್ಟಿದಾಗ ಬರೆಸಿದ ಜಾತಕದಲ್ಲಿ ಒಂಬತ್ತನೇ ಮನೆಯಲ್ಲಿ ರಾಹು ಕುಳಿತಿದ್ದಾನೆ, ತಂದೆಗೂ ಮಗನಿಗೂ ಆಗಿಬರುವುದಿಲ್ಲ, ಹನ್ನೆರಡು ವರ್ಷ ತುಂಬುವವರೆಗೆ ದೂರವಿದ್ದರೆ ಇಬ್ಬರಿಗೂ ಕ್ಷೇಮ ಎಂದು ಜೋಯಿಸರು ಹೇಳಿದ್ದರಂತೆ. ಹಬ್ಬಕ್ಕೆ ಬಂದ ಅಪ್ಪನ ಮುಂದೆ ಆ ಹುಡುಗ ನೆಂಟರ ಮುಂದೆ ನಿಂತಂತೆ ನಿಲ್ಲುತ್ತಾನೆ. ಜಾತಕ ನಿಜವಾಯಿತಲ್ಲ ಎಂದು ಮನೆಯವರು ಮಾತಾಡಿಕೊಳ್ಳುತ್ತಾರೆ.

ಹುಡುಗ ಹುಟ್ಟಿದ್ದು 2015ರ ಜನವರಿ 15ರ ಬೆಳಿಗ್ಗೆ, ಬೆಂಗಳೂರಿನಲ್ಲಿ. ಜಾತಕಕ್ಕೆ ಕೊಟ್ಟ ಸಮಯ 6 ಗಂಟೆ 55 ನಿಮಿಷ. ಅದು ಆಸ್ಪತ್ರೆಯ ಹೊರಗೆ ಕಾಯುತ್ತಿದ್ದ ಸೋದರಮಾವ ಸುದ್ದಿ ಕೇಳಿದೊಡನೆ ಗಡಿಯಾರ ನೋಡಿ ಗುರುತು ಮಾಡಿಕೊಂಡದ್ದು. ಆಸ್ಪತ್ರೆಯ ಚೀಟಿಯಲ್ಲಿ ಇರುವುದು 6 ಗಂಟೆ 40 ನಿಮಿಷ. ಹದಿನೈದು ನಿಮಿಷದ ಅಂತರವಷ್ಟೇ. ಅದರಿಂದ ಏನೇನಾಗುತ್ತದೆ ಎಂದು ನಾವು ಜ್ಯೋತಿಷದ ನಿಯಮಗಳನ್ನೇ ಹಿಡಿದು ಲೆಕ್ಕ ಹಾಕಿ ನೋಡಿದೆವು.

ಮೊದಲು ನಿಯಮಗಳು. ಮಗು ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಮೇಲೇಳುತ್ತಿರುವ ರಾಶಿಯೇ ಲಗ್ನ. ಅದನ್ನು ಒಂದನೇ ಮನೆ ಎಂದು ಹಿಡಿದು ಎಣಿಸಿದರೆ ಒಂಬತ್ತನೆಯದು ಭಾಗ್ಯಸ್ಥಾನ ಅಥವಾ ಧರ್ಮಸ್ಥಾನ. ತಂದೆ, ಗುರುಹಿರಿಯರು, ದೈವಭಕ್ತಿ, ನಂಬಿಕೆ, ತೀರ್ಥಯಾತ್ರೆ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ನೋಡುವ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ಆ ಮನೆಯಲ್ಲಿ ಯಾವ ಗ್ರಹವಿದೆ, ಅದರ ಮೇಲೆ ಯಾರ ದೃಷ್ಟಿ ಬಿದ್ದಿದೆ ಎಂಬುದು ಮೊದಲನೆಯದು. ಆ ರಾಶಿಯ ಒಡೆಯ, ಅಂದರೆ ಭಾಗ್ಯಾಧಿಪತಿ, ಎಲ್ಲಿ ಹೋಗಿ ಕುಳಿತಿದ್ದಾನೆ ಎಂಬುದು ಎರಡನೆಯದು. ಮೂರನೆಯದು ಕಾರಕನ ಸ್ಥಿತಿ. ಗುರು, ಜ್ಞಾನ, ಶ್ರದ್ಧೆಗಳಿಗೆ ಬೃಹಸ್ಪತಿ ಕಾರಕ, ತಂದೆಗೆ ಸೂರ್ಯ ಕಾರಕ. ಬೃಹಸ್ಪತಿ ತಾನಿದ್ದ ಮನೆಯಿಂದ ಐದು, ಏಳು, ಒಂಬತ್ತನೇ ಮನೆಗಳನ್ನು ನೋಡುತ್ತಾನೆ. ಕರ್ಕಾಟಕದಲ್ಲಿದ್ದರೆ ಉಚ್ಚ, ಮಕರದಲ್ಲಿದ್ದರೆ ನೀಚ.

ಈಗ ಹುಡುಗನ ಜಾತಕ. ಮಕರ ಸಂಕ್ರಮಣದ ಮರುದಿನವಾದ್ದರಿಂದ ಸೂರ್ಯ ಮಕರದ ಮೊದಲ ಭಾಗೆಯಲ್ಲೇ ಇದ್ದ. ಸೂರ್ಯ ಹುಟ್ಟುವಾಗ ಅವನಿರುವ ರಾಶಿಯೇ ಲಗ್ನವೂ ಆಗಿರುತ್ತದೆ. ಹಾಗಾಗಿ ಅಂದು ಸೂರ್ಯೋದಯದ ಹೊತ್ತಿಗೆ, ಅಂದರೆ ಸುಮಾರು 6 ಗಂಟೆ 45 ನಿಮಿಷದ ಆಸುಪಾಸಿನಲ್ಲಿ, ಧನುರ್ಲಗ್ನ ಮುಗಿದು ಮಕರಲಗ್ನ ಶುರುವಾಗುತ್ತಿತ್ತು.

ಸೋದರಮಾವನ 6:55ಕ್ಕೆ ಮಕರಲಗ್ನ. ಅಲ್ಲಿಂದ ಒಂಬತ್ತನೆಯದು ಕನ್ಯಾ. ರಾಹು ಆ ವರ್ಷ ಕನ್ಯಾರಾಶಿಯಲ್ಲೇ ಇದ್ದ. ಜೋಯಿಸರು ಕಂಡದ್ದು ಇದನ್ನು. ಆದರೆ ಅದೇ ಜಾತಕದಲ್ಲಿ ಭಾಗ್ಯಾಧಿಪತಿ ಬುಧ ಲಗ್ನದಲ್ಲೇ ಇದ್ದಾನೆ. ಉಚ್ಚನಾದ ಬೃಹಸ್ಪತಿ ಏಳನೇ ಮನೆಯಲ್ಲಿ ಕುಳಿತು ಬುಧನನ್ನೂ ಸೂರ್ಯನನ್ನೂ ನೇರವಾಗಿ ನೋಡುತ್ತಿದ್ದಾನೆ. ಉಚ್ಚ ಗುರು ಕೇಂದ್ರದಲ್ಲಿದ್ದರೆ ಅದು ಹಂಸಯೋಗ, ಪಂಚಮಹಾಪುರುಷ ಯೋಗಗಳಲ್ಲಿ ಒಂದು. ಬೇರೆ ಜೋಯಿಸರೊಬ್ಬರು ಇದನ್ನೇ ಎತ್ತಿಕೊಂಡು, ಒಳ್ಳೆಯ ಗುರುಗಳು ಸಿಗುತ್ತಾರೆ, ತಂದೆಯ ಕೀರ್ತಿ ಬೆಳಗುವ ಮಗ ಎಂದು ಹೇಳಿದ್ದರೂ ಅದು ಶಾಸ್ತ್ರಕ್ಕೆ ಒಪ್ಪುವ ಮಾತೇ ಆಗುತ್ತಿತ್ತು. ರಾಹುವನ್ನು ದೊಡ್ಡದು ಮಾಡಬೇಕೋ ಹಂಸಯೋಗವನ್ನೋ ಎಂದು ತೀರ್ಮಾನಿಸುವ ಒಪ್ಪಿತ ತೂಕದ ಅಳತೆ ಯಾವುದೂ ಇಲ್ಲ. ಅದು ಹೇಳುವವರ ಒಲವಿಗೆ ಬಿಟ್ಟದ್ದು.

ಆಸ್ಪತ್ರೆಯ 6:40ಕ್ಕೆ ಬಂದರೆ ಧನುರ್ಲಗ್ನ. ಒಂಬತ್ತನೆಯದು ಸಿಂಹ, ಅಲ್ಲಿ ರಾಹು ಇಲ್ಲವೇ ಇಲ್ಲ. ಅವನು ಹತ್ತನೇ ಮನೆಗೆ ಸರಿದಿದ್ದಾನೆ. ಭಾಗ್ಯಾಧಿಪತಿ ಈಗ ಸೂರ್ಯ. ಅವನು ಎರಡನೇ ಮನೆಯಲ್ಲಿ, ಶತ್ರುವಾದ ಶನಿಯ ರಾಶಿಯಲ್ಲಿದ್ದರೂ ಅವನ ಮೇಲೆ ಗುರುವಿನ ದೃಷ್ಟಿ ಇದೆ. ಆದರೆ ಆ ಉಚ್ಚ ಗುರು ಎಂಟನೇ ಮನೆಗೆ ಬಿದ್ದಿದ್ದಾನೆ. ಹಂಸಯೋಗವೂ ಹೋಯಿತು. ಮಗು ಅದೇ, ಆಕಾಶದಲ್ಲಿ ಗ್ರಹಗಳಿದ್ದ ಜಾಗವೂ ಹೆಚ್ಚುಕಡಿಮೆ ಅದೇ. ಹೊರಗೆ ಕಾಯುತ್ತಿದ್ದವರಿಗೆ ಸುದ್ದಿ ತಲುಪಲು ತಗುಲಿದ ಹೊತ್ತಿನಲ್ಲಿ ದೋಷವೂ ಯೋಗವೂ ಎರಡೂ ಮಾಯ!

ಇನ್ನೂ ಒಂದು ಸಂಗತಿ ಇದೆ. ವರಾಹಮಿಹಿರನ ಬೃಹಜ್ಜಾತಕದ ಪ್ರಕಾರ ಹಗಲಿನಲ್ಲಿ ಹುಟ್ಟಿದವರಿಗೆ ತಂದೆಯನ್ನು ಸೂರ್ಯನಿಂದ ನೋಡಬೇಕು, ರಾತ್ರಿ ಹುಟ್ಟಿದವರಿಗೆ ಶನಿಯಿಂದ. 6:40 ಎಂದರೆ ಸೂರ್ಯ ಇನ್ನೂ ಹುಟ್ಟಿರಲಿಲ್ಲ, 6:55ಕ್ಕೆ ಹುಟ್ಟಿದ್ದ. ಹಾಗಾಗಿ ಹುಡುಗನ ಅಪ್ಪನನ್ನು ಸೂಚಿಸುವ ಗ್ರಹವೂ ಬದಲಾಯಿತು.

ಸಮಯವನ್ನು ಸರಿಯಾಗಿ ಬರೆದುಕೊಂಡರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಕಾಗುವುದಿಲ್ಲ. ರಾಶಿಚಕ್ರ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲೇ ಜ್ಯೋತಿಷಿಗಳಲ್ಲಿ ಒಮ್ಮತವಿಲ್ಲ. ಇದನ್ನು ಸರಿದೂಗಿಸಲು ಕಳೆಯುವ ಅಂತರಕ್ಕೆ ಅಯನಾಂಶ ಎನ್ನುತ್ತಾರೆ. ಸರ್ಕಾರಿ ಪಂಚಾಂಗ ಬಳಸುವುದು ಲಾಹಿರಿ ಅಯನಾಂಶ. ಬೆಂಗಳೂರಿನಲ್ಲೇ ಇದ್ದು ಹೆಸರು ಮಾಡಿದ ಬಿ.ವಿ. ರಾಮನ್ ಅವರು ಬಳಸಿದ್ದು ಅದಕ್ಕಿಂತ ಸುಮಾರು ಒಂದೂವರೆ ಭಾಗೆ ಕಡಿಮೆ ಇರುವ ಇನ್ನೊಂದನ್ನು. ಒಂದೂವರೆ ಭಾಗೆ ಎಂದರೆ ಆ ದಿನದ ಲೆಕ್ಕದಲ್ಲಿ ಐದಾರು ನಿಮಿಷ. ರಾಮನ್ ಲೆಕ್ಕದಲ್ಲಿ ಮಕರಲಗ್ನ ಅಷ್ಟು ಮುಂಚೆಯೇ ಶುರುವಾಗುತ್ತದೆ. ಆ ಐದಾರು ನಿಮಿಷಗಳಲ್ಲಿ ಹುಟ್ಟಿದ ಮಗುವಿಗೆ ಒಬ್ಬರ ಜಾತಕದಲ್ಲಿ ಒಂಬತ್ತನೇ ಮನೆ ಸಿಂಹ, ಇನ್ನೊಬ್ಬರ ಜಾತಕದಲ್ಲಿ ಕನ್ಯಾ. ಒಂದು ರಾಶಿಗೆ ಮೂವತ್ತು ಭಾಗೆ ಇರುವುದರಿಂದ, ಸರಾಸರಿ ಇಪ್ಪತ್ತು ಮಕ್ಕಳಲ್ಲಿ ಒಬ್ಬರ ಲಗ್ನ ಹೀಗೆ ಪಂಚಾಂಗ ಬದಲಾದರೆ ಬದಲಾಗುತ್ತದೆ.

ಅಪ್ಪ ಯಾವ ಮನೆಯಲ್ಲಿದ್ದಾನೆ ಎಂಬ ಮೂಲ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ದಕ್ಷಿಣದಲ್ಲಿ ಹೆಚ್ಚಾಗಿ ಒಂಬತ್ತನೇ ಮನೆ ಎನ್ನುತ್ತಾರೆ, ಉತ್ತರದಲ್ಲಿ ಹತ್ತನೆಯದನ್ನು ನೋಡುವವರು ಬಹಳ. ಗ್ರೀಕರ ಜ್ಯೋತಿಷದಲ್ಲಿ ಒಂಬತ್ತನೆಯದು ದೇವರ ಮನೆ, ಹೆತ್ತವರನ್ನು ಅವರು ನೋಡುತ್ತಿದ್ದುದು ನಾಲ್ಕನೆಯದರಲ್ಲಿ. ಇವು ಬೇರೆ ಬೇರೆ ಪರಂಪರೆಗಳು, ಹೋಲಿಸಬಾರದು ಎಂದು ತಳ್ಳಿಹಾಕುವಂತೆಯೂ ಇಲ್ಲ. ಕೇಂದ್ರ, ಹೋರಾ ಎಂಬ ಪದಗಳು ನಮಗೆ ಬಂದದ್ದೇ ಗ್ರೀಕಿನಿಂದ. ಹಗಲಿಗೆ ಸೂರ್ಯ, ರಾತ್ರಿಗೆ ಶನಿ ಎಂಬ ತಂದೆಯ ನಿಯಮ ಕ್ರಿಸ್ತಶಕ ಎರಡನೇ ಶತಮಾನದ ಟಾಲೆಮಿಯಲ್ಲೂ ಇದೆ. ಸಾಮಗ್ರಿ ಒಂದೇ, ಆದರೆ ಅಪ್ಪನನ್ನು ಒಂದೊಂದು ಕಡೆ ಒಂದೊಂದು ಕೋಣೆಯಲ್ಲಿ ಕೂರಿಸಿದ್ದಾರೆ. ನಮ್ಮ ಹುಡುಗನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯ. ಆಸ್ಪತ್ರೆಯ ಸಮಯವನ್ನು ಒಪ್ಪಿ ಒಂಬತ್ತನೇ ಮನೆ ನೋಡಿದರೆ ರಾಹು ಇಲ್ಲ. ಅದೇ ಸಮಯಕ್ಕೆ ಉತ್ತರದವರಂತೆ ಹತ್ತನೇ ಮನೆ ನೋಡಿದರೆ ರಾಹು ಮತ್ತೆ ಹಾಜರು.

ಇನ್ನು ಬೃಹಸ್ಪತಿ. ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಹತ್ತಿರ ಹತ್ತಿರ ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ, ಅಂದರೆ ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ. ಲಾಹಿರಿ ಲೆಕ್ಕದಲ್ಲಿ ಅದು 2014ರ ಜೂನ್ ನಡುವಿನಿಂದ 2015ರ ಜುಲೈ ನಡುವಿನವರೆಗೆ ಕರ್ಕಾಟಕದಲ್ಲಿತ್ತು. ಭಾರತದಲ್ಲಿ ಒಂದು ವರ್ಷಕ್ಕೆ ಹುಟ್ಟುವ ಮಕ್ಕಳು ಎರಡು ಕೋಟಿಗೂ ಹೆಚ್ಚು. ಅಷ್ಟೂ ಮಕ್ಕಳ ಜಾತಕದಲ್ಲಿ ಗುರು ಉಚ್ಚ. ನಮ್ಮ ಶಾಲೆಗಳಲ್ಲಿ ಜೂನ್‌ನಿಂದ ಮೇವರೆಗೆ ಹುಟ್ಟಿದವರು ಸಾಮಾನ್ಯವಾಗಿ ಒಂದೇ ತರಗತಿಗೆ ಸೇರುತ್ತಾರೆ. ಹಾಗಾಗಿ ಹೆಚ್ಚುಕಡಿಮೆ ಇಡೀ ತರಗತಿಯೇ ಉಚ್ಚ ಗುರುವಿನದು. ಆ ತರಗತಿಯಲ್ಲಿ ಮೇಷ್ಟ್ರೆಂದರೆ ಪ್ರಾಣ ಬಿಡುವವರೂ ಇರುತ್ತಾರೆ, ಗಂಟೆ ಹೊಡೆಯುವುದನ್ನೇ ಕಾಯುವವರೂ ಇರುತ್ತಾರೆ. ಆ ವ್ಯತ್ಯಾಸವನ್ನು ಗುರು ಇರುವ ರಾಶಿ ವಿವರಿಸಲಾರದು. ಅದು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಆಗಿರುವಾಗ ಹೇಗೆ ವಿವರಿಸೀತು? ಉಳಿಯುವುದು ಅವನು ಎಷ್ಟನೇ ಮನೆಯಲ್ಲಿದ್ದಾನೆ ಎಂಬುದು ಮಾತ್ರ. ಅದು ಲಗ್ನದ ಮೇಲೆ ನಿಂತಿದೆ, ಲಗ್ನದ ಕಥೆಯನ್ನು ಆಗಲೇ ನೋಡಿದೆವು.

ಬಲ್ಲ ಜ್ಯೋತಿಷಿಗಳು ಇದಕ್ಕೆ, ರಾಶಿಕುಂಡಲಿ ಒಂದನ್ನೇ ನೋಡಬಾರದು, ನವಾಂಶವನ್ನೂ ದಶೆಯನ್ನೂ ನೋಡಬೇಕು ಎನ್ನುತ್ತಾರೆ. ಆದರೆ ನವಾಂಶದಲ್ಲಿ ಲಗ್ನ ಸರಾಸರಿ ಹದಿಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಅಂದರೆ ತಪ್ಪಿಗೆ ಅವಕಾಶ ಇನ್ನೂ ಹೆಚ್ಚು. ನಿಯಮಗಳು ಹೆಚ್ಚಿದಷ್ಟೂ ಆಗಿಹೋದದ್ದಕ್ಕೆ ಕಾರಣ ಹುಡುಕುವುದು ಸುಲಭವಾಗುತ್ತದೆ, ಆಗಬೇಕಾದದ್ದನ್ನು ಹೇಳುವುದು ಸುಲಭವಾಗುವುದಿಲ್ಲ.

ಮುಂದಾಗಿ ಹೇಳಿಸಿ ನೋಡಿದವರಿದ್ದಾರೆ. ಖಗೋಳವಿಜ್ಞಾನಿ ಜಯಂತ ನಾರ್ಲೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಇನ್ನೂರು ಮಕ್ಕಳ ಜನನ ವಿವರ ಸಂಗ್ರಹಿಸಿದರು. ನೂರು ಮಕ್ಕಳು ಓದಿನಲ್ಲಿ ಚುರುಕು, ಇನ್ನು ನೂರು ಮಕ್ಕಳು ಬುದ್ಧಿಮಾಂದ್ಯರು. ಜ್ಯೋತಿಷಿಗಳಿಗೆ ತಲಾ ನಲವತ್ತು ಜಾತಕ ಕೊಟ್ಟು ಯಾವುದು ಯಾವ ಗುಂಪಿನದು ಎಂದು ಕೇಳಿದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ಇದು ಬುದ್ಧಿಶಕ್ತಿಯ ಪರೀಕ್ಷೆ, ತಂದೆ ಮಕ್ಕಳ ನಂಟಿನದಲ್ಲ, ನಿಜ. ಆದರೆ ಒಂಬತ್ತನೇ ಮನೆಗೂ ಇಂಥದೇ ಪರೀಕ್ಷೆ ಮಾಡುವುದು ಕಷ್ಟವಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರ ಜಾತಕಗಳನ್ನೂ ತಂದೆಯ ಆಸರೆಯಲ್ಲಿ ಬೆಳೆದವರ ಜಾತಕಗಳನ್ನೂ ಸಮವಾಗಿ ಬೆರೆಸಿ, ಹೆಸರು ಅಳಿಸಿ, ಆಸ್ಪತ್ರೆಯ ಸಮಯವನ್ನೇ ಇಟ್ಟು ಕೊಡಬೇಕು. ಎದುರಿಗೆ ಕುಳಿತ ಅಪ್ಪನ ಮುಖ ನೋಡಿ ಮಾತು ತಿದ್ದಿಕೊಳ್ಳುವ ಅವಕಾಶ ಅಲ್ಲಿ ಇರುವುದಿಲ್ಲ.

ಆ ಮನೆಯವರಿಗೆ ಈ ಲೆಕ್ಕವನ್ನೆಲ್ಲ ತೋರಿಸಿದೆವು. ಅಪ್ಪ ಬಹಳ ಹೊತ್ತು ಆಸ್ಪತ್ರೆಯ ಚೀಟಿಯನ್ನೇ ನೋಡುತ್ತಿದ್ದರು. ಹಾಗಾದರೆ 6:40ರ ಜಾತಕ ಹೊಸದಾಗಿ ಬರೆಸಿದರೆ ಆಗುತ್ತದಾ ಎಂದು ಅಜ್ಜಿ ಕೇಳಿದರು. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ಬರುವ ಜೂನ್‌ಗೆ ಬೆಂಗಳೂರಿನ ಶಾಲೆಯಲ್ಲಿ ಸೀಟು ಸಿಗಬೇಕಾದರೆ ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು ಎಂದು ನಮ್ಮನ್ನು ಕೇಳಿದರು.