ಏರಿದ ಬೆಲೆಯ ಹಳೆ ಬಾಕಿ

ಯಲಹಂಕದ ಮದರ್ ಡೇರಿಯಿಂದ ನಮ್ಮ ಬೀದಿಗಳಿಗೆ ಬರುವ ನಂದಿನಿ ನೀಲಿ ಪ್ಯಾಕೆಟ್ ಹಾಲು 2020ರ ಫೆಬ್ರುವರಿಯಲ್ಲಿ ಲೀಟರಿಗೆ 37 ರೂಪಾಯಿ ಆಯಿತು. ಮುಂದೆ ಎರಡೂಮುಕ್ಕಾಲು ವರ್ಷ ಆ ಬೆಲೆ ಕದಲಲಿಲ್ಲ. 2022ರ ನವೆಂಬರಿನಲ್ಲಿ 39 ಆಯಿತು, 2023ರ ಆಗಸ್ಟ್‌ನಲ್ಲಿ 42 ಆಯಿತು. ಹಿಂದಿನ ವರ್ಷದ ಆಗಸ್ಟ್‌ಗೆ ಹೋಲಿಸಿದರೆ ಇದು ಶೇ 13ಕ್ಕೂ ಹೆಚ್ಚಿನ ಏರಿಕೆ. ಆದರೆ 2020ರಿಂದಲೇ ವರ್ಷಕ್ಕೆ ಶೇ 4ರಂತೆ ಬೆಲೆ ಏರುತ್ತ ಬಂದಿದ್ದರೂ ಆ ಆಗಸ್ಟ್ ಹೊತ್ತಿಗೆ ಹಾಲು 42 ರೂಪಾಯಿಯ ಆಸುಪಾಸಿನಲ್ಲೇ ಇರುತ್ತಿತ್ತು.

ಒಂದು ವರ್ಷದ ಏರಿಕೆಯನ್ನಷ್ಟೇ ನೋಡಿದವರಿಗೆ ಅದು ದುಬಾರಿ. ಹಲವು ವರ್ಷಗಳ ದಾರಿಯನ್ನು ನೋಡಿದವರಿಗೆ ಅದು ನಿಂತುಹೋಗಿದ್ದ ಏರಿಕೆಯ ಬಾಕಿ. ಮೊದಲನೆಯದು ಹಣದುಬ್ಬರ ಗುರಿಯ ನೋಟ, ಎರಡನೆಯದು ಬೆಲೆಮಟ್ಟ ಗುರಿಯ ನೋಟ.

ನಮ್ಮ ರಿಸರ್ವ್ ಬ್ಯಾಂಕ್ ಮೊದಲ ದಾರಿ ಹಿಡಿದಿದೆ. 2016ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಚಿಲ್ಲರೆ ಹಣದುಬ್ಬರಕ್ಕೆ ಶೇ 4ರ ಗುರಿ ಇಡಲಾಯಿತು. ಆಚೀಚೆ ಎರಡರಷ್ಟು ಸಡಿಲ, ಅಂದರೆ 2ರಿಂದ 6ರವರೆಗೆ ಸಹ್ಯ. ಸತತ ಮೂರು ತ್ರೈಮಾಸಿಕ ಸರಾಸರಿ ಈ ಮಿತಿ ಮೀರಿದರೆ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಆಯಿತು. ಆದರೆ ಈ ನಿಯಮದಲ್ಲಿ ಹಿಂದಿನ ತಪ್ಪಿಗೆ ಪರಿಹಾರವಿಲ್ಲ. 2022-23ರಲ್ಲಿ ಶೇ 6.7 ಏರಿದ್ದರೂ ಮರುವರ್ಷದ ಗುರಿ ಮತ್ತೆ 4 ಮಾತ್ರ.

ಇದರಿಂದ ಎಷ್ಟು ವ್ಯತ್ಯಾಸ ಬಿತ್ತೆಂದು ಲೆಕ್ಕ ಹಾಕೋಣ. 2020-21ರಿಂದ ಐದು ವರ್ಷ ದೇಶದ ಹಣದುಬ್ಬರ ಅನುಕ್ರಮವಾಗಿ ಶೇ 6.2, 5.5, 6.7, 5.4, 4.6. 2019-20ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು 2024-25ಕ್ಕೆ 132 ರೂಪಾಯಿ ಸಮೀಪಿಸಿತು. ಪ್ರತಿ ವರ್ಷ 4 ಇದ್ದಿದ್ದರೆ 122ರ ಒಳಗಿರುತ್ತಿತ್ತು. ಹಣದುಬ್ಬರ ಇಳಿಯಿತು ಎಂದು ಪತ್ರಿಕೆಯಲ್ಲಿ ಓದಿದವರು ಅಂಗಡಿಯಲ್ಲಿ ಏನೂ ಇಳಿದಿಲ್ಲವಲ್ಲ ಎಂದು ಕೇಳುವುದು ಈ ಹತ್ತು ರೂಪಾಯಿಯ ಬಗ್ಗೆ. ಅವರ ಪ್ರಶ್ನೆ ನ್ಯಾಯವಾದದ್ದು.

ಇದರ ಪೆಟ್ಟು ಬೀಳುವುದು ದೀರ್ಘಾವಧಿ ಒಪ್ಪಂದಗಳಿಗೆ. ಆರ್‌.ಟಿ. ನಗರದಲ್ಲಿ ಒಬ್ಬರು 2019-20ರಲ್ಲಿ ಹತ್ತು ಲಕ್ಷ ಕೊಟ್ಟು ಮನೆ ಲೀಸ್‌ಗೆ ಹಾಕಿಕೊಂಡರು ಎನ್ನೋಣ. ಐದು ವರ್ಷದ ಮೇಲೆ ಮಾಲೀಕರು ಅದೇ ಹತ್ತು ಲಕ್ಷ ಹಿಂದಿರುಗಿಸುತ್ತಾರೆ. ಶೇ 4ರ ದಾರಿಯಲ್ಲಿ ಅದರ ಕೊಳ್ಳುವ ಶಕ್ತಿ 8.2 ಲಕ್ಷಕ್ಕೆ ಇಳಿಯುತ್ತಿತ್ತು. ಒಪ್ಪುವಾಗ ಅಷ್ಟನ್ನು ಊಹಿಸಬಹುದಿತ್ತು. ನಿಜಕ್ಕೂ ಉಳಿದದ್ದು 7.6 ಲಕ್ಷ. ನಡುವಿನ ಅರವತ್ತು ಸಾವಿರ ಬಾಡಿಗೆದಾರರಿಗೆ ಗೊತ್ತಿಲ್ಲದೆ ಹೋಯಿತು.

ಹಾಗಾದರೆ ಬೆಲೆಮಟ್ಟವನ್ನೇ ಗುರಿ ಮಾಡಿ ಹಳೆ ದಾರಿಗೆ ಮರಳಬಾರದೇಕೆ? ಸ್ವೀಡನ್ 1931ರಲ್ಲಿ ಚಿನ್ನದ ಮಾನ ಬಿಟ್ಟ ಮೇಲೆ ಬೆಲೆಮಟ್ಟವನ್ನೇ ಗುರಿ ಎಂದು ಸಾರಿತ್ತು. ಆದರೆ ನಮ್ಮಲ್ಲಿ 132 ರೂಪಾಯಿಯ ಸಾಮಾನು ಶೇ 4ರ ದಾರಿಗೆ ಸೇರಬೇಕಾದರೆ 2024-25ರಿಂದ ಎರಡು ವರ್ಷ ಬೆಲೆ ಒಟ್ಟಾರೆ ಒಂದಿಷ್ಟೂ ಏರಬಾರದು. ಯಶವಂತಪುರ ಎಪಿಎಂಸಿ ಯಾರ್ಡ್‌ಗೆ ಈರುಳ್ಳಿ ಕಡಿಮೆ ಬಂದು ದರ ಏರಿದರೆ ಬಡ್ಡಿ ಹೆಚ್ಚಿಸಿ ಈರುಳ್ಳಿ ತರಿಸಲಾಗದು. ಹಾಗಾಗಿ ಉಳಿದೆಲ್ಲ ಬೆಲೆಗಳನ್ನು ಅದುಮಬೇಕಾಗುತ್ತದೆ. ಆ ಭಾರ ಕಂತು ಕಟ್ಟುವವರ ಮೇಲೆ, ಕೆಲಸ ಕಳೆದುಕೊಳ್ಳುವವರ ಮೇಲೆ ಬೀಳುತ್ತದೆ.

ಇವೆರಡರ ನಡುವಿನದು ಸರಾಸರಿ ಹಣದುಬ್ಬರ ಗುರಿ. ಇಲ್ಲಿ ಬಾಕಿ ತೀರಿಸಬೇಕು, ಆದರೆ ಗೊತ್ತಾದ ಅವಧಿಯೊಳಗಿನದನ್ನು ಮಾತ್ರ. ಆ ಅವಧಿ ಎಷ್ಟು ಎಂಬುದರಲ್ಲೇ ಎಲ್ಲ ಇದೆ. 2020-21ರಿಂದ ಮೊದಲ ಮೂರು ವರ್ಷದ ಏರಿಕೆ ಕೂಡಿದರೆ 18.4. ನಾಲ್ಕು ವರ್ಷಕ್ಕೆ ಸರಾಸರಿ 4 ಬರಬೇಕೆಂದರೆ ನಾಲ್ಕನೇ ವರ್ಷ ಬೆಲೆ ಶೇ 2.4 ಇಳಿಯಲೇಬೇಕು. ಅವಧಿಯನ್ನು ಆರು ವರ್ಷಕ್ಕೆ ಹಿಗ್ಗಿಸಿದರೆ ಉಳಿದ ಮೂರು ವರ್ಷ ತಲಾ ಶೇ 1.9ರಷ್ಟು ಏರಬಹುದು.

ಅಮೆರಿಕದ ಫೆಡರಲ್ ರಿಸರ್ವ್ 2020ರ ಆಗಸ್ಟ್‌ನಲ್ಲಿ ಸರಾಸರಿ ಗುರಿ ಘೋಷಿಸಿತು. ಆದರೆ ಅವಧಿ ಎಷ್ಟೆಂದು ಹೇಳಲಿಲ್ಲ. ಹಣದುಬ್ಬರ ಶೇ 2ಕ್ಕಿಂತ ಕಡಿಮೆ ಇದ್ದ ಕಾಲವನ್ನು ಸರಿದೂಗಿಸಲು ಸ್ವಲ್ಪ ಹೆಚ್ಚಾಗಲು ಬಿಡುತ್ತೇವೆ ಎಂದಿತೇ ಹೊರತು ಹೆಚ್ಚಾದದ್ದನ್ನು ಮುಂದೆ ಕಡಿಮೆ ಮಾಡಿ ಸರಿದೂಗಿಸುವ ಮಾತು ಕೊಡಲಿಲ್ಲ. 2021-22ರಲ್ಲಿ ಅಲ್ಲೂ ಬೆಲೆ ಧಗ್ಗನೆ ಏರಿತು. 2025ರ ಆಗಸ್ಟ್‌ನಲ್ಲಿ ಆ ನೀತಿಯನ್ನು ಕೈಬಿಟ್ಟರು.

ನಮ್ಮಲ್ಲಿ 2025ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ 0.25ಕ್ಕೆ ಕುಸಿಯಿತು. ಹಿಂದಿನದನ್ನು ಎಣಿಸದ ನಿಯಮಕ್ಕೆ ಅದು ಗುರಿಗಿಂತ ತೀರಾ ಕೆಳಗೆ. ಡಿಸೆಂಬರ್ ವೇಳೆಗೆ ರೆಪೊ ದರ ಶೇ 5.25ಕ್ಕೆ ಇಳಿಯಿತು. ಸರಾಸರಿ ನಿಯಮ ಇದ್ದಿದ್ದರೆ ಅದೇ ಕುಸಿತ ಹಳೆ ಬಾಕಿಗೆ ಜಮಾ ಆಗುತ್ತಿತ್ತು, ಬಡ್ಡಿ ಇಳಿಸುವ ಅವಸರವೂ ಕಡಿಮೆ ಇರುತ್ತಿತ್ತು.

ಮಳೆ, ತರಕಾರಿಯನ್ನು ನೆಚ್ಚಿದ ದೇಶಕ್ಕೆ ಕಟ್ಟುನಿಟ್ಟಿನ ಬೆಲೆಮಟ್ಟ ಗುರಿ ಹೊಂದುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಹಣಕಾಸು ನೀತಿ ಸಮಿತಿಯ ಪ್ರತಿ ಹೇಳಿಕೆಯಲ್ಲೂ ಹಿಂದಿನ ಐದು ವರ್ಷದ ಸರಾಸರಿಯನ್ನು ಗುರಿಯ ಪಕ್ಕದಲ್ಲೇ ಅಚ್ಚು ಹಾಕಬೇಕು. 2024-25ಕ್ಕೆ ಮುಗಿದ ಐದು ವರ್ಷಕ್ಕೆ ಆ ಸಂಖ್ಯೆ ಸುಮಾರು ಶೇ 5.7.