ನಿದ್ದೆಗಣ್ಣಿನ ವೈಫೈ

ಮನೆಯ ವೈಫೈ ಮಂದವಾಯಿತೆಂದು ಸೇವೆ ಒದಗಿಸುವವರನ್ನು ದೂರುವ ಮುನ್ನ ಫೋನಿನ ಬ್ಯಾಟರಿ ಚಿಹ್ನೆಯನ್ನೊಮ್ಮೆ ನೋಡಬೇಕು. ಐಫೋನಿನಲ್ಲಿ ಅದು ಹಳದಿಯಾಗಿದ್ದರೆ Low Power Mode ನಡೆಯುತ್ತಿದೆಯೆಂದು ಅರ್ಥ. ಶೇಕಡಾ 20ಕ್ಕೆ ಇಳಿದಾಗ ಫೋನು ಕೇಳುತ್ತದೆ, ನಾವು ಅವಸರದಲ್ಲಿ ಒಪ್ಪಿಬಿಡುತ್ತೇವೆ; ಬಳಿಕ ಬ್ಯಾಟರಿ 80ಕ್ಕೆ ತುಂಬುವವರೆಗೆ ಅದು ತಾನಾಗಿ ತೊಲಗದು. Settings ಪುಟದ Battery ವಿಭಾಗದಲ್ಲಿ ನಾವೇ ತೆಗೆಯಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಇದರ ಹೆಸರು ಸಾಮಾನ್ಯವಾಗಿ Battery Saver.

ವೈಫೈನ ಮಿತವ್ಯಯ ಇದಕ್ಕಿಂತ ಗುಟ್ಟಿನದು. ಕೆಲಸವಿಲ್ಲದ ಗಳಿಗೆಯಲ್ಲಿ ಫೋನಿನ ರೇಡಿಯೋ ಮಲಗುತ್ತದೆ. ಬಂದ ಸಂದೇಶವನ್ನು ರೂಟರು ತನ್ನಲ್ಲಿಟ್ಟುಕೊಂಡು, ಸೆಕೆಂಡಿಗೆ ಸುಮಾರು 10 ಬಾರಿ ಹೊರಡಿಸುವ ಕೂಗಿನಲ್ಲಿ ತಿಳಿಸುತ್ತದೆ. ಕೆಲವು ಕೂಗುಗಳನ್ನು ಬಿಟ್ಟು ಏಳುವ ಫೋನಿಗೆ ವಿಳಂಬ ಇನ್ನೂ ಹೆಚ್ಚು. ಸಿನಿಮಾ ನೋಡುವಾಗ ಇದು ಅಷ್ಟಾಗಿ ಕಾಣದು. ಆಗಾಗ ಬರುವ ಚಿಕ್ಕ ಸಂದೇಶಗಳು ಮಾತ್ರ ತಡವಾಗುತ್ತವೆ.

ಪರೀಕ್ಷೆ ಸುಲಭ. ರೂಟರಿಗೆ ತಂತಿಯಿಂದ ಸೇರಿಸಿದ ಕಂಪ್ಯೂಟರಿನಲ್ಲಿ, ಫೋನಿನ ವೈಫೈ ಪುಟ ತೋರಿಸುವ ವಿಳಾಸವನ್ನು ಹೀಗೆ ಕರೆಯಿರಿ:

```
ping 192.168.1.7
```

ಉತ್ತರ 5 ms ಆಸುಪಾಸಿನಲ್ಲಿದ್ದರೆ ಫೋನು ಎಚ್ಚರವಾಗಿದೆ. 100, 200 ಎಂದು ಜಿಗಿದರೆ ನಿದ್ದೆಯ ಗುಮಾನಿ. ಈಗ ಫೋನಿನಲ್ಲಿ ವಿಡಿಯೋ ಹಚ್ಚಿ. ಅಂಕಿ ಇಳಿದರೆ ಗುಮಾನಿ ನಿಜ. ಇಳಿಯದಿದ್ದರೆ ಫೋನನ್ನು ಬಿಟ್ಟು ರೂಟರಿನ ದೂರವನ್ನೂ ನಡುವಿನ ಗೋಡೆಗಳನ್ನೂ ವಿಚಾರಿಸಬೇಕು.